ಸಂಬಳದಲ್ಲಿ ಅಜಗಜಾಂತರ ಇದ್ದಾಗ ಮನೆ ಖರ್ಚು ಹಂಚಿಕೊಳ್ಳೋದು ಹೇಗೆ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನ್ರಿಗೆ ಕೈಗೆ 68 ಸಾವಿರ ಬರುತ್ತೆ, ನಾನು ಖಾಸಗಿ ಶಾಲೆ ಟೀಚರ್, ನನಗೆ 22 ಸಾವಿರ. ಬಾಡಿಗೆ 14 ಸಾವಿರ, ಕರೆಂಟು, ನೀರು, ಗ್ಯಾಸ್, ನೆಟ್ ಎಲ್ಲಾ ಸೇರಿ ಎರಡೂವರೆ, ದಿನಸಿ, ತರಕಾರಿ, ಹಾಲಿಗೆ ಹನ್ನೊಂದೂವರೆ ಸಾವಿರ. ಅವರು ಊರಿಗೆ ಅಪ್ಪ ಅಮ್ಮನಿಗೆ 12 ಸಾವಿರ ಕಳಿಸ್ತಾರೆ. ನನ್ನ ಬಿ.ಎಡ್ ಸಾಲದ ಕಂತು 5 ಸಾವಿರ. "ಇಬ್ಬರೂ ದುಡೀತೀವಿ, ಅರ್ಧ ಅರ್ಧ ಹಾಕೋಣ" ಅಂತಾರೆ. ಇದು ನ್ಯಾಯಾನಾ?

ಉತ್ತರ:

ಅಲ್ಲ. ಆದರೆ "ನ್ಯಾಯ ಅಲ್ಲ" ಅಂತ ಬಾಯಲ್ಲಿ ಹೇಳಿದರೆ ಜಗಳ ಆಗುತ್ತೆ. ಲೆಕ್ಕ ಬರೆದು ತೋರಿಸಿ. ನಾನೂ ಮೈಸೂರಿನವಳೇ. ನಮ್ಮ ಮನೆಯಲ್ಲಿ ಜಾಸ್ತಿ ಸಂಬಳ ನನ್ನದು, ಹಾಗಾಗಿ ಇದನ್ನು ನಿಮ್ಮ ಯಜಮಾನ್ರ ಕಡೆ ಕೂತೇ ಹೇಳ್ತಿದ್ದೇನೆ ಅಂದ್ಕೊಳ್ಳಿ.

ನಿಮ್ಮ ಒಟ್ಟು ಮನೆ ಖರ್ಚು 28 ಸಾವಿರ. ಅರ್ಧ ಅಂದರೆ ತಲಾ 14. ನೀವು ಅದನ್ನೂ ಕೊಟ್ಟು ಕಂತನ್ನೂ ಕಟ್ಟಿದ ಮೇಲೆ ನಿಮ್ಮ ಕೈಯಲ್ಲಿ ಉಳಿಯೋದು 3 ಸಾವಿರ. ಅವರು ಊರಿಗೆ ಕಳಿಸಿ, ಅರ್ಧ ಹಾಕಿದ ಮೇಲೂ ಅವರ ಹತ್ತಿರ 42 ಸಾವಿರ ಇರುತ್ತೆ. ಕೊಟ್ಟಿದ್ದು ಸಮ, ಉಳಿದಿದ್ದು ಹದಿನಾಲ್ಕು ಪಟ್ಟು ವ್ಯತ್ಯಾಸ. ಹಂಚಿಕೆ ಸರಿ ಇದೆಯಾ ಅಂತ ನೋಡೋಕೆ ಎಷ್ಟು ಕೊಟ್ಟರು ಅನ್ನೋದಕ್ಕಿಂತ ಎಷ್ಟು ಉಳೀತು ಅಂತ ನೋಡಬೇಕು.

ಸುಲಭದ ದಾರಿ ಅಂದರೆ ದುಡಿಮೆಯ ಪ್ರಮಾಣಕ್ಕೆ ತಕ್ಕಂತೆ ಹಾಕೋದು. ಮೊದಲು ಇಬ್ಬರೂ ತಪ್ಪಿಸೋಕಾಗದ ಹೊಣೆಯನ್ನು ಕಳೆಯಿರಿ. ಅವರದು 68ರಲ್ಲಿ 12 ಹೋಗಿ 56 ಸಾವಿರ. ನಿಮ್ಮದು 22ರಲ್ಲಿ 5 ಹೋಗಿ 17. ಎರಡೂ ಸೇರಿ 73. ಈಗ 28 ಸಾವಿರವನ್ನು 56ಕ್ಕೆ 17ರಂತೆ ಹಂಚಿದರೆ ನಿಮ್ಮ ಪಾಲು 6,500ರ ಹತ್ತಿರ, ಅವರದು 21,500. ಇಬ್ಬರೂ ತಮ್ಮ ನೂರು ರೂಪಾಯಿಯಲ್ಲಿ ಸುಮಾರು 38 ರೂಪಾಯಿ ಮನೆಗೆ ಕೊಟ್ಟ ಹಾಗಾಯ್ತು. ನಿಮ್ಮ ಕೈಯಲ್ಲಿ ಹತ್ತೂವರೆ ಸಾವಿರ ಉಳೀತು, ಅವರ ಹತ್ತಿರ ಮೂವತ್ತನಾಲ್ಕೂವರೆ. ಆಗಲೂ ಅವರದೇ ಜಾಸ್ತಿ, ನೋಡಿ. ಅವರಿಗೆ ಅನ್ಯಾಯ ಏನೂ ಆಗಲಿಲ್ಲ.

"ನಾನು ಊರಿಗೆ ಕಳಿಸೋದು ಯಾಕೆ ಲೆಕ್ಕಕ್ಕೆ, ನಿನ್ನ ಸಾಲ ಯಾಕೆ ಲೆಕ್ಕಕ್ಕೆ" ಅಂತ ಮಾತು ಬೆಳೆಯೋದು ಇಲ್ಲೇ. ನಿಮ್ಮ ವಿಷಯದಲ್ಲಿ ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ. ಎರಡನ್ನೂ ಬಿಟ್ಟು ನೇರವಾಗಿ 68ಕ್ಕೆ 22ರಂತೆ ಹಂಚಿದರೂ ನಿಮ್ಮ ಪಾಲು 6,850ರ ಆಸುಪಾಸು. ವ್ಯತ್ಯಾಸ ಮುನ್ನೂರು ಚಿಲ್ಲರೆ. ಅಷ್ಟಕ್ಕೆ ಅತ್ತೆ ಮಾವನ ಹೆಸರು ಮಧ್ಯೆ ಬರೋದು ಬೇಡ.

ನಿಜವಾಗಿ ಕೇಳಬೇಕಾದ್ದು "ಕೈಗೆ 68" ಅನ್ನೋದು ಏನೇನು ಕಳೆದ ಮೇಲೆ ಅಂತ. ಅವರ ಸಂಬಳದ ಚೀಟಿ ನೋಡಿ. ಆದಾಯ ತೆರಿಗೆ, ಕಡ್ಡಾಯದ ಪಿ.ಎಫ್, 200 ರೂಪಾಯಿ ವೃತ್ತಿ ತೆರಿಗೆ, ಇವು ಅವರ ಕೈಲಿಲ್ಲ, ಹೋಗಲಿ. ಆದರೆ ತಾವೇ ಇಷ್ಟಪಟ್ಟು ಪಿ.ಎಫ್‌ಗೆ ಹೆಚ್ಚಿಗೆ ಕಟ್ಟಿಸ್ತಿದ್ದರೆ, ಅಥವಾ ಆಫೀಸಿನಲ್ಲಿ ತಗೊಂಡ ಸಾಲ ಅಲ್ಲೇ ಮುರಿದುಕೊಳ್ತಿದ್ದರೆ, ಅದನ್ನು ವಾಪಸ್ ಸೇರಿಸಿ ಲೆಕ್ಕ ಹಾಕಬೇಕು. ಉಳಿತಾಯವನ್ನು ಸಂಬಳ ಬರೋ ಮೊದಲೇ ಮಾಡಿದರೂ ಅದು ಉಳಿತಾಯವೇ. ನೀವು ಕಟ್ಟೋ ಚೀಟಿ ದುಡ್ಡಿಗೂ ಇದೇ ನಿಯಮ. ಅದು ಹೊಣೆ ಅಲ್ಲ.

ಇನ್ನೊಂದು, ಈ ಮನೆ ಬೇಕು ಅಂದಿದ್ದು ಯಾರು? ಇಬ್ಬರಿಗೂ ಇಷ್ಟವಾಗಿ ತಗೊಂಡಿದ್ದರೆ ಮೇಲಿನ ಲೆಕ್ಕವೇ ಸಾಕು. ಆದರೆ ನಿಮಗೆ 10 ಸಾವಿರದ ಮನೆ ಸಾಕಿತ್ತು, ಕಾರ್ ನಿಲ್ಲಿಸೋಕೆ ಜಾಗ ಬೇಕು, ಒಂದು ರೂಮು ಆಫೀಸ್ ಕೆಲಸಕ್ಕೆ ಬೇಕು ಅಂತ ಅವರೇ ಇದನ್ನು ಹಿಡಿದಿದ್ದರೆ, ಮೇಲಿನ 4 ಸಾವಿರ ಅವರ ಲೆಕ್ಕಕ್ಕೇ ಹೋಗಬೇಕು. ಉಳಿದ 24 ಸಾವಿರ ಮಾತ್ರ ಹಂಚಿ, ನಿಮ್ಮ ಪಾಲು 5,600ಕ್ಕೆ ಬರುತ್ತೆ. ಜಾಸ್ತಿ ದುಡಿಯೋರ ಮಟ್ಟಕ್ಕೆ ಮನೆ ಆರಿಸಿ, ಕಮ್ಮಿ ದುಡಿಯೋರಿಂದ ಸಮಪಾಲು ಕೇಳೋದು ಎಷ್ಟೋ ಮನೆಗಳಲ್ಲಿ ನಡೆಯುತ್ತೆ. ನಮ್ಮ ಮನೆಯಲ್ಲಿ ಎ.ಸಿ ಬೇಕಾಗಿದ್ದು ನನಗೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕಲ್ಲ, ಏಪ್ರಿಲ್‌ನಲ್ಲಿ ಚೆಸ್ಕಾಂ ಬಿಲ್ ಹಾಗೆ ಬಂದರೆ ನಾನೇ ಕಟ್ಟೋದು.

ಈಗ ಕೊಡೋ ರೀತಿ. ಬಾಡಿಗೆ 14 ಸಾವಿರವನ್ನು ಪೂರ್ತಿ ಅವರ ಖಾತೆಯಿಂದಲೇ ಓನರ್‌ಗೆ ಹೋಗೋ ಹಾಗೆ ಮಾಡಿ. ಅವರು ಹಳೇ ತೆರಿಗೆ ಪದ್ಧತಿಯಲ್ಲಿದ್ದು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳೋದಾದರೆ, ತಾವು ನಿಜವಾಗಿ ಕೊಟ್ಟ ಬಾಡಿಗೆಗೆ ಮಾತ್ರ ಕೇಳಬಹುದು. ನೀವು ಅರ್ಧ ಕೊಟ್ಟು ಅವರು ಪೂರ್ತಿ ತೋರಿಸಿದರೆ ಅದು ಸುಳ್ಳು ಲೆಕ್ಕ. ವರ್ಷದ ಬಾಡಿಗೆ ಲಕ್ಷ ದಾಟಿದರೆ ಓನರ್ ಪ್ಯಾನ್ ನಂಬರನ್ನೂ ಆಫೀಸಿಗೆ ಕೊಡಬೇಕು, ನಿಮ್ಮದು ದಾಟುತ್ತೆ. ಹೊಸ ಪದ್ಧತಿಯಲ್ಲಿದ್ದರೆ ಆ ವಿನಾಯಿತಿಯೇ ಇಲ್ಲ, ಆದರೂ ಒಂದೇ ಕಡೆಯಿಂದ ಹೋದರೆ ಗೊಂದಲ ಕಮ್ಮಿ.

ಬಾಡಿಗೆ ಬಿಟ್ಟರೆ ಉಳಿಯೋದು ಬಿಲ್ಲು ಮತ್ತು ಅಡುಗೆಮನೆಯ 14 ಸಾವಿರ. ಅದಕ್ಕೆ ಒಂದು ಜಂಟಿ ಖಾತೆ ಇಟ್ಟು, ಸಂಬಳ ಬಂದ ದಿನವೇ ನೀವು 6,500, ಅವರು 7,500 ಹಾಕಿ. ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ವ್ಯವಹಾರ ಮಾಡಬಹುದಾದ ಖಾತೆ ತೆರೆಯಿರಿ, ಆಗ ಇಬ್ಬರ ಫೋನಿಗೂ ಯುಪಿಐ ಜೋಡಿಸಬಹುದು.

ಈ ಖಾತೆ ಯಾಕೆ ಬೇಕು ಅಂದರೆ, ದೊಡ್ಡ ಬಿಲ್ಲು ಎಲ್ಲರಿಗೂ ಕಾಣುತ್ತೆ, ಚಿಲ್ಲರೆ ಕಾಣಲ್ಲ. ಸಂಜೆ ಶಾಲೆಯಿಂದ ಬರ್ತಾ ಅರ್ಧ ಲೀಟರ್ ಹಾಲು, ಒಂದು ಕಟ್ಟು ಕೊತ್ತಂಬರಿ, ಎರಡು ತೆಂಗಿನಕಾಯಿ, ಶುಕ್ರವಾರಕ್ಕೆ ಒಂದು ಮೊಳ ಹೂವು. ಎಲ್ಲಾ ನಿಮ್ಮ ಫೋನಿಂದ ಹೋಗುತ್ತೆ. "ನಾನು ಬಾಡಿಗೆ ಕಟ್ಟಿದೆ" ಅಂತ ಅವರು ಹೇಳಬಹುದು, "ನಾನು ಕೊತ್ತಂಬರಿ ತಂದೆ" ಅಂತ ನೀವು ಹೇಳೋಕಾಗುತ್ತಾ? ಒಂದು ತಿಂಗಳು ನಿಮ್ಮ ಯುಪಿಐ ಪಟ್ಟಿ ತೆಗೆದು ಮನೆಗಾಗಿ ಹೋದ ಚಿಲ್ಲರೆಯನ್ನೆಲ್ಲ ಕೂಡಿಸಿ. ನೀವು ಹೇಳಿದ ಹನ್ನೊಂದೂವರೆ ಸಾವಿರದಲ್ಲಿ ಅದು ಸೇರಿಲ್ಲ ಅಂತ ನನ್ನ ಅನುಮಾನ. ಸೇರಿಲ್ಲದಿದ್ದರೆ 28 ಅನ್ನೋ ಮೊತ್ತವೇ ತಪ್ಪು, ಅದನ್ನು ಸರಿ ಮಾಡಿ ಮತ್ತೆ ಹಂಚಿ.

ಖಾತೆ 20ನೇ ತಾರೀಖಿಗೇ ಬರಿದಾದರೆ ಯಾರೂ ಸ್ವಂತ ಜೇಬಿನಿಂದ ಸುಮ್ನೆ ತುಂಬಿಸಬೇಡಿ. ಎಷ್ಟು ಕಮ್ಮಿ ಬಿತ್ತೋ ಅದನ್ನೂ 56ಕ್ಕೆ 17ರಂತೆಯೇ ಹಾಕಿ. ಸಾವಿರ ಬೇಕಾದರೆ ನಿಮ್ಮಿಂದ 230, ಅವರಿಂದ 770. ಹಬ್ಬದ ತಿಂಗಳು, ನೆಂಟರು ಬಂದ ತಿಂಗಳು ಹೀಗೆ ಆಗೇ ಆಗುತ್ತೆ.

ನಿಮ್ಮ ಶಾಲೆಯಲ್ಲಿ ಬೇಸಿಗೆ ರಜೆಗೆ ಸಂಬಳ ಕೊಡ್ತಾರಾ? ಕೊಡದಿದ್ದರೆ ತಿಂಗಳಿಗೆ 22 ಅಂತ ಲೆಕ್ಕ ಹಾಕಬೇಡಿ. ವರ್ಷಕ್ಕೆ ಹತ್ತೇ ಸಂಬಳ ಅಂದರೆ 2 ಲಕ್ಷ 20 ಸಾವಿರ, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 18,300ರಷ್ಟು. ಕಂತು ಕಳೆದರೆ 13,300. ಆಗ ನಿಮ್ಮ ಪಾಲು 5,400ರ ಹತ್ತಿರ ಇಳಿಯುತ್ತೆ.

ಮನೆಗೆ ಕೊಟ್ಟ ಅಡ್ವಾನ್ಸ್ ಮಾತ್ರ ಈ ಲೆಕ್ಕಕ್ಕೆ ತರಬೇಡಿ. ಅದು ಖರ್ಚಲ್ಲ, ಬಿಡುವಾಗ ವಾಪಸ್ ಬರೋ ದುಡ್ಡು. ಯಾರು ಎಷ್ಟು ಕೊಟ್ಟಿರಿ ಅಂತ ಕರಾರು ಪತ್ರದ ಹಿಂದೆ ಬರೆದಿಡಿ, ಬಣ್ಣ ಸುಣ್ಣಕ್ಕೆ ಓನರ್ ಹಿಡಿದುಕೊಂಡು ಉಳಿದಿದ್ದನ್ನು ಅದೇ ಪ್ರಕಾರ ತಗೊಳ್ಳಿ.