ಮಾರ್ಚ್ ಕೊನೆಯಲ್ಲಿ ಹೋಂ ಲೋನ್ ತಗೊಂಡು ನಾನು ಕೆಟ್ಟಿದ್ದು

ಪ್ರಶ್ನೆ: ಕಲಬುರಗಿ ಸೇಡಂ ರಸ್ತೆ ಕಡೆ ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಲ್ಲಿ 42 ಲಕ್ಷಕ್ಕೆ ಫ್ಲಾಟ್ ನೋಡಿದ್ದೇವೆ. ಸೂಪರ್ ಬಿಲ್ಟಪ್ 1,180 ಚದರಡಿ. ಪ್ರತಿ ಕಂತಿಗೂ 5% ಜಿಎಸ್‌ಟಿ ಅಂತೆ. ಕೈಗೆ ಸಿಗಲು ಮೂರು ವರ್ಷ. ನನ್ನ ಸಂಬಳ ವರ್ಷಕ್ಕೆ 11 ಲಕ್ಷ. ಮಾರ್ಚ್ 31ರೊಳಗೆ ಲೋನ್ ತಗೊಂಡ್ರೆ ಬಡ್ಡಿ ಮೇಲೆ ಈ ವರ್ಷದಿಂದಲೇ ಟ್ಯಾಕ್ಸ್ ಉಳಿಯುತ್ತಾ?

ಮಾರ್ಚ್ 31 ಅಂತ ಓದಿದ ಕೂಡಲೇ ಎದ್ದು ಹೋಗಿ ಬೀರುವಿನಿಂದ ನನ್ನ ಹಳೇ ಲೋನ್ ಸ್ಟೇಟ್‌ಮೆಂಟ್ ತೆಗೆದೆ. ಮೊದಲ ಸಾಲು ಹೀಗಿದೆ: 26/03/2018, 4,50,000 ರೂಪಾಯಿ. ಆ ತಾರೀಕನ್ನು ಕೆಂಪು ಪೆನ್ನಿನಲ್ಲಿ ಸುತ್ತಿದ್ದು ನಾನೇ, ಆರು ವರ್ಷ ಆದಮೇಲೆ.

ಆ ವರ್ಷ ಯುಗಾದಿ ಮಾರ್ಚ್ 18ಕ್ಕೆ ಬಂದಿತ್ತು. ಬಿಲ್ಡರ್ ಹಬ್ಬದ ಆಫರ್ ಹಾಕಿದ್ದ. ತಿಂಗಳೊಳಗೆ ಮೊದಲ ಕಂತು ಕೊಟ್ಟರೆ ಕಾರ್ ಪಾರ್ಕಿಂಗ್ ಫ್ರೀ. ನನ್ನ ಹತ್ತಿರ ಇದ್ದದ್ದು ಸ್ಕೂಟರ್. ಆದ್ರೂ ಆಸೆ ಅಲ್ವಾ? ಬ್ಯಾಂಕಿನವರಿಗೆ ಮಾರ್ಚ್ ಟಾರ್ಗೆಟ್. "ಸರ್, ಇಯರ್ ಎಂಡ್ ಅದ, ಈಗೇ ಸೈನ್ ಮಾಡಿಬಿಡ್ರಿ, ಟ್ಯಾಕ್ಸ್ ಭೀ ಉಳೀತದ" ಅಂದರು. ಮಾಡಿದೆ. ಒಂದೇ ಒಂದು ವಾರ ಸುಮ್ನೆ ಕೂತಿದ್ದರೆ ಸಾಕಾಗಿತ್ತು.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಇದನ್ನು ನನಗೆ ಆಗ ಯಾರೂ ಹೇಳಲಿಲ್ಲ. ನಾವೇ ವಾಸ ಮಾಡುವ ಮನೆಯ ಸಾಲದ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಉಂಟು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 24(b) ಅನ್ನುವುದು ಇದನ್ನೇ. ಆದರೆ ಮನೆ ಐದು ವರ್ಷದೊಳಗೆ ಪೂರ್ತಿಯಾಗಿರಬೇಕು. ಇಲ್ಲದಿದ್ದರೆ 2 ಲಕ್ಷದ ಜಾಗದಲ್ಲಿ ಬರೀ 30,000. ಅದೂ ಒಂದು ವರ್ಷಕ್ಕಲ್ಲ, ಸಾಲ ಇರುವ ತನಕ.

ಈ ಐದು ವರ್ಷವನ್ನು ಸಾಲ ತಗೊಂಡ ದಿನದಿಂದ ಎಣಿಸುವುದಿಲ್ಲ. ಸಾಲ ತಗೊಂಡ ಆರ್ಥಿಕ ವರ್ಷ ಮುಗಿದ ದಿನದಿಂದ ಎಣಿಸುತ್ತಾರೆ. ನನ್ನ ಸಾಲ ಮಾರ್ಚ್ 26ರದ್ದು. ಆ ಆರ್ಥಿಕ ವರ್ಷ ಐದು ದಿನಕ್ಕೆ ಮುಗಿಯಿತು. ಹಾಗಾಗಿ ಗಡುವು 2023ರ ಮಾರ್ಚ್ 31. ಅದೇ ಚೆಕ್ಕು ಏಪ್ರಿಲ್ ಮೊದಲ ವಾರ ಬಂದಿದ್ದರೆ ಎಣಿಕೆ 2019ರ ಮಾರ್ಚ್ 31ರಿಂದ ಶುರುವಾಗಿ, ಗಡುವು 2024ರ ಮಾರ್ಚ್ 31 ಆಗುತ್ತಿತ್ತು. ಒಂದು ವಾರ ತಡೆದಿದ್ದರೆ ಒಂದು ವರ್ಷ ಹೆಚ್ಚಿಗೆ ಸಿಗುತ್ತಿತ್ತು.

ಬಿಲ್ಡರ್ ಮೂರು ವರ್ಷ ಅಂದಿದ್ದ. 2020ರಲ್ಲಿ ಲಾಕ್‌ಡೌನ್ ಆಯಿತು, ಕೂಲಿಯವರು ಊರಿಗೆ ಹೋದರು, ಸೆಂಟ್ರಿಂಗ್ ಹಾಕಿದ ಸ್ಲ್ಯಾಬ್ ತಿಂಗಳುಗಟ್ಟಲೆ ಹಾಗೇ ನಿಂತಿತ್ತು. ಕೊನೆಗೆ ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಂದು ಕೀಲಿಕೈ ಸಿಕ್ಕಿದ್ದು 2023ರ ಜೂನ್ 14ಕ್ಕೆ. ಗಡುವು ದಾಟಿ ಎರಡೂವರೆ ತಿಂಗಳು. ಲಿಫ್ಟ್ ಇನ್ನೂ ಚಾಲೂ ಆಗಿರಲಿಲ್ಲ. ಆ ಸೆಖೆಯಲ್ಲಿ ಐದನೇ ಮಹಡಿ ಹತ್ತುವಾಗಲೂ ನಾನು ಖುಷಿಯಲ್ಲೇ ಇದ್ದೆ. ಮುಂದಿನ ವರ್ಷ ರಿಟರ್ನ್ ಹಾಕಲು ಹೋದಾಗ ಸಿಎ ಸ್ಟೇಟ್‌ಮೆಂಟಿನ ಮೊದಲ ಸಾಲು ನೋಡಿ ಪೆನ್ನು ಕೆಳಗಿಟ್ಟರು.

ನಿಮ್ಮ ಪ್ರಶ್ನೆಯ ಬಡ್ಡಿಗೆ ಬರುತ್ತೇನೆ. ಕಟ್ಟಡ ಏಳುತ್ತಿರುವಾಗ ಕಟ್ಟಿದ ಬಡ್ಡಿಯನ್ನು ಆಯಾ ವರ್ಷ ತೋರಿಸಲು ಬರುವುದಿಲ್ಲ. ಮನೆ ಪೂರ್ತಿಯಾದ ವರ್ಷದ ಹಿಂದಿನ ಮಾರ್ಚ್ 31ರವರೆಗಿನ ಬಡ್ಡಿಯನ್ನೆಲ್ಲ ಕೂಡಿಸಿ, ಐದು ಸಮಪಾಲು ಮಾಡಿ, ಪೂರ್ತಿಯಾದ ವರ್ಷದಿಂದ ವರ್ಷಕ್ಕೊಂದು ಪಾಲು ತೋರಿಸಬೇಕು. ನನ್ನದು 18 ಲಕ್ಷದ ಸಾಲ. 2023ರ ಮಾರ್ಚ್‌ವರೆಗೆ ಕಟ್ಟಿದ ಬಡ್ಡಿ ನಾಲ್ಕೂವರೆ ಲಕ್ಷ, ಅಂದರೆ ವರ್ಷದ ಪಾಲು 90,000. ಆ ವರ್ಷದ್ದೇ ಬಡ್ಡಿ 1,55,000. ಎರಡೂ ಸೇರಿ 2,45,000. ಈ ಪಾಲು 2 ಲಕ್ಷದ ಮೇಲೆ ಸಿಗುವ ಬೋನಸ್ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದೂ 2 ಲಕ್ಷದ ಒಳಗೇ ಬರಬೇಕು. ಟೈಮಿಗೆ ಮನೆ ಸಿಕ್ಕಿದ್ದರೂ ನನ್ನ 45,000 ಹೋಗುತ್ತಿತ್ತು. ಈಗ 30,000 ಬಿಟ್ಟು ಉಳಿದದ್ದೆಲ್ಲ ಹೋಯಿತು.

ಆ ವರ್ಷ ನನ್ನ ಸಂಬಳ 9,80,000. 80ಸಿಯ ಒಂದೂವರೆ ಲಕ್ಷದ ಜೊತೆ ಬಡ್ಡಿಗೆ ಪೂರ್ತಿ 2 ಲಕ್ಷ ಸಿಕ್ಕಿದ್ದರೆ ಟ್ಯಾಕ್ಸ್ ಸುಮಾರು 29,600 ಆಗುತ್ತಿತ್ತು. 30,000 ಮಾತ್ರ ಸಿಕ್ಕಿದ್ದಕ್ಕೆ 65,000 ಬಂತು. ಸಿಎ ಹೊಸ ಪದ್ಧತಿಯಲ್ಲಿ ಹಾಕಿ ನೋಡಿದರು, ಸುಮಾರು 51,500. ಅದನ್ನೇ ಹಾಕಿ ಕೈ ತೊಳೆದುಕೊಂಡೆವು. ಹೊಸ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ಒಂದು ರೂಪಾಯಿಯೂ ವಿನಾಯಿತಿ ಇಲ್ಲ. ಐದು ವರ್ಷ ಜೋಪಾನ ಮಾಡಿಟ್ಟ ಬಡ್ಡಿ ಸರ್ಟಿಫಿಕೇಟುಗಳು ಅಲ್ಲಿಗೆ ರದ್ದಿ.

ಈಗ ನೀವು ಯಾವ ಟ್ಯಾಕ್ಸ್ ಉಳಿಸಬೇಕು ಅಂತಿದ್ದೀರಿ? 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದವರಿಗೆ 12.75 ಲಕ್ಷದವರೆಗೆ ಟ್ಯಾಕ್ಸೇ ಬರುವುದಿಲ್ಲ. ನಿಮ್ಮದು 11 ಲಕ್ಷ, ಬೇರೆ ಆದಾಯ ಇಲ್ಲದಿದ್ದರೆ ಸೊನ್ನೆ. ಹಳೇ ಪದ್ಧತಿಗೆ ಹೋಗಿ ಬಡ್ಡಿಯ 2 ಲಕ್ಷ, 80ಸಿಯ ಒಂದೂವರೆ ಲಕ್ಷ ಎಲ್ಲ ತೋರಿಸಿದರೂ ಸುಮಾರು 54,600 ಕಟ್ಟಬೇಕು. ಬಡ್ಡಿಯ ವಿನಾಯಿತಿ ಬೇಕು ಅಂತ ಆ ಕಡೆ ಹೋದರೆ ನಿಮಗೇ ನಷ್ಟ. ಮುಂದೆ ಬಾಡಿಗೆಗೆ ಕೊಟ್ಟರೆ ಲೆಕ್ಕ ಬೇರೆ, ಆಗ ಹೊಸ ಪದ್ಧತಿಯಲ್ಲೂ ಬಾಡಿಗೆಯಿಂದ ಬಡ್ಡಿ ಕಳೆಯಬಹುದು. ಆದರೆ ನೀವು ಇರೋದಕ್ಕೇ ತಗೊಳ್ತಿದ್ದೀರಿ ಅಂದುಕೊಂಡಿದ್ದೇನೆ.

ನಿಮ್ಮ ದುಡ್ಡು ನಿಜವಾಗಿ ಸೋರುತ್ತಿರುವುದು ಆ 5% ಹತ್ತಿರ. ನನ್ನ ಕಂತುಗಳಿಗೆ 12% ಹಾಕಿದರು. 2019ರ ಏಪ್ರಿಲ್‌ನಲ್ಲಿ ದರ ಇಳಿದಾಗ, ಅರ್ಧ ಕಟ್ಟಿದ ಕಟ್ಟಡಗಳಿಗೆ ಹಳೇ ದರವನ್ನೇ ಇಟ್ಟುಕೊಳ್ಳುವ ಆಯ್ಕೆ ಬಿಲ್ಡರ್‌ಗಳಿಗೆ ಇತ್ತು. ನಮ್ಮವನು ಅದನ್ನೇ ಇಟ್ಟುಕೊಂಡ. ನಿಮ್ಮ ಸ್ಥಿತಿ ಹಾಗಿಲ್ಲ. ಕಲಬುರಗಿ ಜಿಎಸ್‌ಟಿಯ ಮೆಟ್ರೊ ನಗರಗಳ ಪಟ್ಟಿಯಲ್ಲಿಲ್ಲ. ಇಲ್ಲಿ ಕಾರ್ಪೆಟ್ ಏರಿಯಾ 90 ಚದರ ಮೀಟರ್, ಅಂದರೆ ಸುಮಾರು 968 ಚದರಡಿ ಮೀರದೆ, ಬೆಲೆ 45 ಲಕ್ಷ ದಾಟದಿದ್ದರೆ ಜಿಎಸ್‌ಟಿ 1% ಮಾತ್ರ. ಸೂಪರ್ ಬಿಲ್ಟಪ್ 1,180 ಅಂದರೆ ಕಾರ್ಪೆಟ್ 850ರ ಆಸುಪಾಸು ಇರಬಹುದು. 42 ಲಕ್ಷಕ್ಕೆ 5% ಅಂದ್ರೆ 2,10,000. 1% ಅಂದ್ರೆ 42,000. ಒಂದು ಲಕ್ಷ 68 ಸಾವಿರ ಸುಮ್ನೆ ಬಿಡ್ತೀರಾ?

ಒಂದು ಎಚ್ಚರ. ಆ 45 ಲಕ್ಷದಲ್ಲಿ ಪಾರ್ಕಿಂಗ್, ಮೂಲೆ ಫ್ಲಾಟಿಗೆ ಅಂತ ಹಾಕುವ ಹೆಚ್ಚುವರಿ, ಡೆವಲಪ್‌ಮೆಂಟ್ ಚಾರ್ಜ್ ಎಲ್ಲ ಸೇರುತ್ತವೆ. ನಿಮ್ಮ 42ರ ಮೇಲೆ ಬಿಲ್ಡರ್ ಇನ್ನೂ ಮೂರೂವರೆ ಲಕ್ಷ ಬೇರೆ ಬೇರೆ ಹೆಸರಲ್ಲಿ ಬರೆದಿದ್ದರೆ ಅವನು 5% ಅನ್ನುವುದು ಸರಿಯೇ. ಅದಕ್ಕೇ ಬ್ರೋಷರ್ ಬಿಡಿ, ಸೇಲ್ ಅಗ್ರಿಮೆಂಟಿನ ಕರಡು ಕೇಳಿ. ಕಾರ್ಪೆಟ್ ಏರಿಯಾ ಎಷ್ಟು, ಒಟ್ಟು ಮೊತ್ತ ಎಷ್ಟು, ಎರಡನ್ನೂ ನೋಡಿ. ಆಮೇಲೆ "ಇದಕ್ಕ 5% ಹ್ಯಾಂಗ ಬರ್ತದ ಹೇಳ್ರಿ" ಅಂತ ಅವನನ್ನೇ ಕೇಳಿ. ಮುಗಿಯುವವರೆಗೆ ಕಾದು, ಕಂಪ್ಲೀಷನ್ ಸರ್ಟಿಫಿಕೇಟ್ ಬಂದಮೇಲೆ ಕೊಂಡರೆ ಜಿಎಸ್‌ಟಿಯೇ ಇಲ್ಲ. ಈಗ ನಾನು ಕೊಳ್ಳುವುದಾದರೆ ಅಂಥದ್ದನ್ನೇ ಹುಡುಕುತ್ತೇನೆ.

ಇದನ್ನೇ ತಗೊಳ್ಳೋದು ಅಂತ ಗಟ್ಟಿಯಾಗಿದ್ದರೂ ಸಾಲದ ಮೊದಲ ಚೆಕ್ಕು ಏಪ್ರಿಲ್‌ನಲ್ಲಿ ಬರಲಿ. ಬ್ಯಾಂಕಿನಿಂದ ಈ ತಿಂಗಳು ನಾಲ್ಕು ಸಲ ಫೋನ್ ಬರುತ್ತದೆ, ಊರಲ್ಲಿಲ್ಲ ಅನ್ನಿ.