ಕಲಂ ಗೊತ್ತು, ಅಂಕ ಇಲ್ಲ

ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದೇನೆ. ಸಮಸ್ಯೆಯ ಪ್ರಶ್ನೆಗೆ ಕಲಂ ಪೂರ್ತಿ ಬರೆದರೂ ಅರ್ಧ ಅಂಕವೇ ಬರುತ್ತದೆ, ಏಕೆ?

ಕಲಂ ಬರೆದು ಅಲ್ಲಿಗೇ ನಿಲ್ಲಿಸುವುದರಿಂದ. ತೀರ್ಥಹಳ್ಳಿಯ ಬೆಳೆಗಾರ ಅಡಿಕೆ ಮಾರುವ ಪ್ರಸ್ತಾವವನ್ನು ಅಂಚೆಯಲ್ಲಿ ಕಳಿಸಿದ ಎನ್ನಿ. ಸೋಮವಾರ ಅದನ್ನು ಹಿಂತೆಗೆದುಕೊಳ್ಳುವ ಪತ್ರ ಹಾಕಿದ. ಮಂಗಳವಾರ ಶಿವಮೊಗ್ಗದ ಮಂಡಿಯವರು ಒಪ್ಪಿಗೆ ಪತ್ರವನ್ನು ಅಂಚೆಗೆ ಹಾಕಿದರು. ಬುಧವಾರ ಬೆಳೆಗಾರನ ಎರಡನೇ ಪತ್ರ ಅವರ ಕೈ ಸೇರಿತು.

1872ರ ಕರಾರು ಕಾಯ್ದೆಯ 4 ಮತ್ತು 5ನೇ ಕಲಂಗಳನ್ನು ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಅಂಕ ಇರುವುದು ಇಂಥ ವಾಕ್ಯಕ್ಕೆ: ‘ಒಪ್ಪಿಗೆ ಅಂಚೆಗೆ ಬಿದ್ದ ಮಂಗಳವಾರವೇ ಬೆಳೆಗಾರ ಬದ್ಧನಾದ, ಹಿಂತೆಗೆತ ಮಂಡಿಯವರಿಗೆ ತಿಳಿದದ್ದು ಬುಧವಾರ, ಆದ್ದರಿಂದ ಅದು ನಿಲ್ಲದು.’ ಸೋಮವಾರ ಎಂಬುದು ನಿಮ್ಮನ್ನು ಎಡವಿಸಲೆಂದೇ ಇಟ್ಟದ್ದು. ಹಿಂತೆಗೆತಕ್ಕೆ ಪತ್ರ ಹಾಕಿದ ದಿನವಲ್ಲ, ಎದುರಿನವರಿಗೆ ತಿಳಿದ ದಿನ ಲೆಕ್ಕ, ಅದನ್ನೂ ಬರೆಯಿರಿ.