ಕಾಮನ್ ಎಮಿಟರ್ ಆಂಪ್ಲಿಫೈಯರ್‌ಗೆ ನನ್ನ ಲೆಕ್ಕದಲ್ಲಿ ಗೇನ್ 3.8 ಬರುತ್ತಿದೆ, ಉತ್ತರದಲ್ಲಿ 217 ಇದೆ. ಯಾಕೆ? (12 ವೋಲ್ಟ್, R1 = 47k, R2 = 10k, RC = 3.9k, RE = 1k, RE ಪಕ್ಕದಲ್ಲಿ ಕೆಪಾಸಿಟರ್)

ಬಯಾಸ್ ಲೆಕ್ಕದ RE ಅನ್ನು ನೀವು ಸಿಗ್ನಲ್ ಲೆಕ್ಕಕ್ಕೂ ತಂದಿದ್ದೀರಿ. ಡಿಸಿಗೆ ಕೆಪಾಸಿಟರ್ ಕಡಿದ ತಂತಿ ಇದ್ದಂತೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ RE ಅಲ್ಲಿ ಬೇಕೇ ಬೇಕು. ಸಿಗ್ನಲ್‌ಗೆ ಮಾತ್ರ ಅದೇ ಕೆಪಾಸಿಟರ್ ಎಮಿಟರನ್ನು ನೇರ ಗ್ರೌಂಡ್‌ಗೆ ಸೇರಿಸುತ್ತದೆ.

ಮೊದಲು ಡಿಸಿ. ಬೇಸ್‌ನಲ್ಲಿ 12 × 10/57, ಅಂದರೆ 2.1 ವೋಲ್ಟ್. 0.7 ಕಳೆದರೆ ಎಮಿಟರ್‌ನಲ್ಲಿ 1.4 ವೋಲ್ಟ್, ಕರೆಂಟ್ 1.4 ಮಿಲಿಆಂಪ್. ಕಲೆಕ್ಟರ್‌ನಲ್ಲಿ ಸುಮಾರು 6.5 ವೋಲ್ಟ್ ಉಳಿಯುತ್ತದೆ, ಬಯಾಸ್ ಚೆನ್ನಾಗಿಯೇ ಇದೆ.

ಸಿಗ್ನಲ್‌ಗೆ ಎಮಿಟರ್‌ನಲ್ಲಿ ಉಳಿಯುವುದು ಟ್ರಾನ್ಸಿಸ್ಟರಿನ ಒಳಗಿನ ರೋಧ ಮಾತ್ರ:

```
re = 25 mV / 1.4 mA ≈ 18 Ω
Av = -RC / re = -3900 / 18 ≈ -217
```

ಮೈನಸ್ ಬಿಡಬೇಡಿ, ಔಟ್‌ಪುಟ್ ತಲೆಕೆಳಗಾಗಿ ಬರುತ್ತದೆ. ಔಟ್‌ಪುಟ್‌ಗೆ 10k ಲೋಡ್ ಕೊಟ್ಟಿದ್ದರೆ RC ಬದಲು ಎರಡರ ಸಮಾನಾಂತರ 2.8k ಹಾಕಿ; ಗೇನ್ 156ಕ್ಕೆ ಇಳಿಯುತ್ತದೆ.

ಲ್ಯಾಬಿನಲ್ಲಿ 1 ಕಿಲೋಹರ್ಟ್ಸ್‌ಗೆ 10 ಮೈಕ್ರೋಫ್ಯಾರಡ್ ಸಾಲದು. ಅದರ ತಡೆಯೇ 16 ಓಮ್, ಹೆಚ್ಚುಕಮ್ಮಿ re ಅಷ್ಟೇ. 100 ಹಾಕಿದರೆ 1.6 ಓಮ್‌ಗೆ ಇಳಿದು, ಅಳತೆ ಲೆಕ್ಕದ ಹತ್ತಿರ ಬರುತ್ತದೆ.